ಕೆ.ಆರ್. ಪುರಕ್ಕೆ ಐದು ನಿಮಿಷ ತಡ, ಐದು ನಿಮಿಷ ಮೊದಲು

ಪ್ರಶ್ನೆ: ಕಂಟೋನ್ಮೆಂಟಿನಿಂದ ಹೊರಟ ಬೈಕ್ ಸವಾರ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಕೆ.ಆರ್. ಪುರಕ್ಕೆ 5 ನಿಮಿಷ ತಡ, 30ರಲ್ಲಿ ಹೋದರೆ 5 ನಿಮಿಷ ಮೊದಲೇ ತಲುಪುತ್ತಾನೆ. ದೂರವೆಷ್ಟು?

ಉತ್ತರ ಮಾತ್ರ ಬೇಕಿರುವಾಗ xನ ಗೊಡವೆ ಬೇಡ. ದೂರ ಒಂದೇ ಆದ್ದರಿಂದ ವೇಗ 2:3 ಇದ್ದರೆ ಸಮಯ ತಿರುಗಿ 3:2 ಆಗುತ್ತದೆ. ವ್ಯತ್ಯಾಸ ಒಂದು ಪಾಲು. ಅದು 5+5, ಅಂದರೆ 10 ನಿಮಿಷ. ಹಾಗಾಗಿ ನಿಧಾನದ ಪಯಣಕ್ಕೆ 30 ನಿಮಿಷ. ಗಂಟೆಗೆ 20ರಂತೆ ಅರ್ಧ ಗಂಟೆಗೆ 10 ಕಿ.ಮೀ. (ಹಳೆ ಮದ್ರಾಸ್ ರಸ್ತೆಯ ಸಂಜೆಯ ವಾಹನ ದಟ್ಟಣೆ ಲೆಕ್ಕಕ್ಕಿಲ್ಲ!)

ಎಡವುವುದು ಇಲ್ಲಿ: ಎರಡು ಸಲವೂ ತಡವಾದರೆ, ಉದಾಹರಣೆಗೆ 5 ಮತ್ತು 2 ನಿಮಿಷ, ಕೂಡಬಾರದು, ಕಳೆಯಬೇಕು. ಆಗ ಒಂದು ಪಾಲು 3 ನಿಮಿಷ, ನಿಧಾನದ ಪಯಣ 9 ನಿಮಿಷ, ದೂರ 3 ಕಿ.ಮೀ.

ಮೊದಲ ಲೆಕ್ಕದಲ್ಲೇ ಸರಿಯಾದ ಸಮಯಕ್ಕೆ ತಲುಪಿಸುವ ವೇಗ ಕೇಳಿದರೆ 20, 30ರ ಸರಾಸರಿ 25 ಆಯ್ಕೆಗಳಲ್ಲಿ ಕಾದು ಕೂತಿರುತ್ತದೆ. ನಿಗದಿತ ಸಮಯ 25 ನಿಮಿಷ, 10 ಕಿ.ಮೀ.ಗೆ ಬೇಕಾದ ವೇಗ ಗಂಟೆಗೆ 24 ಕಿ.ಮೀ.