ಪಿಒ ಹೋಗಿದೆ, ಉತ್ತರ ಬಂದಿಲ್ಲ

ಪ್ರಶ್ನೆ: ಪೀಣ್ಯದ ಸಣ್ಣ ಮೆಷಿನ್ ಶಾಪ್‌ ಒಂದರಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಬೆಳಗಾವಿಯ ಫೌಂಡ್ರಿಗೆ 200 ಬೇರಿಂಗ್ ಹೌಸಿಂಗ್ ಕಾಸ್ಟಿಂಗ್‌ಗಳ ಪಿಒ ಮೇಲ್ ಮಾಡಿ 6 ದಿನವಾಯಿತು. ಉತ್ತರವಿಲ್ಲ. ಮೂರು ವಾರದಲ್ಲಿ ಮಾಲು ಬೇಕು. ಹಳೆಯ ಸಪ್ಲೈಯರ್, ಪದೇ ಪದೇ ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ಅಳುಕು. ಮಾಲೀಕರು ‘ಬೇರೆಯವರಿಗೆ ಕೊಟ್ಟುಬಿಡಿ’ ಎನ್ನುತ್ತಿದ್ದಾರೆ.

ಉತ್ತರ: ಅಳುಕು ಬಿಟ್ಟು ಇವತ್ತೇ ಫೋನ್ ಮಾಡಿ. ‘ಪಿಒ ತಲುಪಿತಾ ಸರ್?’ ಎಂದಷ್ಟೇ ಕೇಳಬೇಡಿ. ‘ತಲುಪಿದೆ, ನೋಡ್ತೀವಿ’ ಎಂದು ಮಾತು ಅಲ್ಲಿಗೇ ಮುಗಿಯುತ್ತದೆ. ‘ಆರ್ಡರ್ ಬುಕ್ ಆಗಿದೆಯಾ, ಮೋಲ್ಡಿಂಗ್ ಯಾವಾಗ?’ ಎಂದು ಕೇಳಿ. ಬುಕ್ ಆಗಿಲ್ಲದಿದ್ದರೆ ಕಾರಣ ತಾನಾಗಿ ಹೊರಬರುತ್ತದೆ. ಮೇಲ್ ಹೋದ ಸೇಲ್ಸ್‌ನವರು ರಜೆಯಲ್ಲಿರಬಹುದು. ನಿಮ್ಮ ಹಳೆಯ ಬಿಲ್ ಬಾಕಿಯಿದ್ದು ಅವರ ಅಕೌಂಟ್ಸ್‌ನವರು ತಡೆದಿರಬಹುದು (ಇದನ್ನು ಯಾರೂ ಬರೆದು ತಿಳಿಸುವುದಿಲ್ಲ). ಕೋಟೇಶನ್‌ನ ಅವಧಿ ಮುಗಿದಿದ್ದು, ಹಳೆಯ ದರಕ್ಕೆ ಒಪ್ಪಲು ಹಿಂದೇಟು ಹಾಕುತ್ತಿರಲೂಬಹುದು. ಆದ್ದರಿಂದ ಫೋನ್ ಎತ್ತುವ ಮೊದಲು ಕೋಟೇಶನ್ ಮತ್ತು ಪಿಒ ಎರಡನ್ನೂ ಪಕ್ಕಪಕ್ಕ ಇಟ್ಟು ದರ, ಸಾಗಣೆ ವೆಚ್ಚ, ಡ್ರಾಯಿಂಗ್‌ನ ರಿವಿಷನ್ ನಂಬರ್ ತಾಳೆ ನೋಡಿ.

ಮಾತಾದ ಮೇಲೆ ಹಳೆಯ ಮೇಲ್‌ಗೇ ರಿಪ್ಲೈ ಹಾಕಿ, ಅದೇ ಪಿಒ ಮತ್ತೆ ಲಗತ್ತಿಸಿ. ‘ಇದು ಹೊಸ ಆರ್ಡರ್ ಅಲ್ಲ, ಮೊದಲು ಕಳಿಸಿದ್ದರ ಪ್ರತಿ’ ಎಂದು ಬರೆಯಲು ಮರೆಯಬೇಡಿ. ಹೊಸ ನಂಬರ್ ಹಾಕಿ ಕಳಿಸಿದರೆ 200ರ ಜಾಗದಲ್ಲಿ 400 ಬಂದು ಇಳಿದೀತು. ‘ಪ್ರಮಾಣ, ದರ, ರವಾನೆ ದಿನಾಂಕ ಒಪ್ಪಿ, ಸಹಿ ಮತ್ತು ಸೀಲ್ ಹಾಕಿದ ಪ್ರತಿಯನ್ನು ನಾಳೆ ಸಂಜೆ 5ರೊಳಗೆ ಕಳಿಸಿ’ ಎಂದು ಗಡುವು ಕೊಡಿ. ಇದರಲ್ಲಿ ಒರಟುತನವೇನೂ ಇಲ್ಲ. ಅವರಿಗೂ ಫರ್ನೇಸ್ ಪ್ಲಾನ್ ಮಾಡಲು ಇದು ಬೇಕು.

ಇನ್ನು ಮಾಲೀಕರ ಮಾತು. 1872ರ ಭಾರತೀಯ ಕರಾರು ಕಾಯ್ದೆಯ ಲೆಕ್ಕದಲ್ಲಿ ನಿಮ್ಮ ಪಿಒ ಸಾಮಾನ್ಯವಾಗಿ ಬರೀ ಪ್ರಸ್ತಾವ. ಅವರು ಸುಮ್ಮನಿದ್ದ ಮಾತ್ರಕ್ಕೆ ಒಪ್ಪಿದಂತಾಗುವುದಿಲ್ಲ. ಒಪ್ಪುವವರೆಗೆ ನೀವು ಹಿಂದೆಗೆದುಕೊಳ್ಳಬಹುದು. ಆದರೆ ಪ್ರಸ್ತಾವದಂತೆ ಕೆಲಸ ನಡೆಸುವುದನ್ನೂ ಕಾಯ್ದೆ ಒಪ್ಪಿಗೆ ಎಂದೇ ಎಣಿಸುತ್ತದೆ. ಉತ್ತರ ಬರೆಯದೆ ಎರಕ ಹೊಯ್ಯಲು ಶುರುಮಾಡಿದ್ದರೆ, ಅವರು ಒಪ್ಪಿಯಾಗಿದೆ ಎಂದೇ ವಾದಿಸಿಯಾರು. ಹೀಗಾಗಿ ಶುರುವಾಗಿಲ್ಲ ಎಂದು ಖಾತ್ರಿ ಮಾಡಿಕೊಂಡು, ರದ್ದುಪತ್ರವನ್ನು ಮೇಲ್‌ನಲ್ಲಿ ಕಳಿಸಿದ ನಂತರವೇ ಇನ್ನೊಬ್ಬರಿಗೆ ಕೊಡಿ.

ಅದಕ್ಕೂ ಮೊದಲು ಒಂದು ಪ್ರಶ್ನೆ: ನಿಮ್ಮ ಪ್ಯಾಟರ್ನ್ ಎಲ್ಲಿದೆ? ಹಳೆಯ ಸಪ್ಲೈಯರ್ ಎಂದಿರಿ, ಬಹುಶಃ ಅವರ ಶೆಡ್‌ನಲ್ಲೇ ಇರಬೇಕು. ಅದನ್ನು ತರಿಸಿ, ಹೊಸಬರಿಂದ ಸ್ಯಾಂಪಲ್ ಎರಕ ಹೊಯ್ಸಿ, ಅಳತೆ ಪರೀಕ್ಷಿಸಿ ಒಪ್ಪುವ ಹೊತ್ತಿಗೆ ನಿಮ್ಮ ಮೂರು ವಾರದ ಬಹುಪಾಲು ಕಳೆದಿರುತ್ತದೆ. ಈ ಲೆಕ್ಕವನ್ನು ಮಾಲೀಕರ ಮುಂದಿಡಿ. ನಾಳೆ ಸಂಜೆ ಗಡುವು ಮೀರಿದರೆ ಸೇಲ್ಸ್‌ನವರನ್ನು ಬಿಟ್ಟು, ಮಾಲೀಕರಿಂದಲೇ ಫೌಂಡ್ರಿ ಮಾಲೀಕರಿಗೆ ಫೋನ್ ಮಾಡಿಸಿ.