ಮುಳ್ಳು ಚುಚ್ಚಿದಲ್ಲಿ ಕೀವು ಏಕೆ?

ಪ್ರಶ್ನೆ: ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಬರಿಗಾಲಲ್ಲಿ ನಡೆದು ಹೋದಾಗ ಅಂಗಾಲಿಗೆ ಜಾಲಿಮುಳ್ಳು ನಟ್ಟು ಒಳಗೇ ಮುರಿಯಿತು. ಮೂರನೇ ದಿನಕ್ಕೆ ಕೀವು ತುಂಬಿದೆ. ‘ಕೆಟ್ಟ ರಕ್ತ, ಒತ್ತಿ ತೆಗಿ’ ಎನ್ನುತ್ತಾರೆ ಅತ್ತೆ. ನಿಜವೇ?
– ಓದುಗರೊಬ್ಬರು, ಹುಲಿಗಿ

ಉತ್ತರ: ಕೀವು ಕೆಟ್ಟ ರಕ್ತವಲ್ಲ. ಅದರಲ್ಲಿ ಹೆಚ್ಚಿನವು ಸೋಂಕಿನೊಡನೆ ಕಾದಾಡಿ ಸತ್ತ ಬಿಳಿ ರಕ್ತಕಣಗಳು. ಇವಕ್ಕೆ ನ್ಯೂಟ್ರೋಫಿಲ್ ಎಂದು ಹೆಸರು.

ಮುಳ್ಳಿನ ಜೊತೆ ಚರ್ಮದ ಮೇಲಿದ್ದ ಸ್ಟ್ಯಾಫಿಲೊಕಾಕಸ್‌ನಂಥ ಬ್ಯಾಕ್ಟೀರಿಯಾಗಳೂ ಒಳಗಿಳಿಯುತ್ತವೆ. ಗಾಯಗೊಂಡ ಜಾಗದಿಂದ ರಾಸಾಯನಿಕ ಸುದ್ದಿ ಹೊರಟು, ಹತ್ತಿರದ ಕಿರುಸಿರೆಗಳ ಒಳಗೋಡೆ ಅಂಟಂಟಾಗುತ್ತದೆ. ರಕ್ತದೊಡನೆ ಓಡುತ್ತಿದ್ದ ನ್ಯೂಟ್ರೋಫಿಲ್ ಆ ಗೋಡೆಗೆ ತಾಗಿ, ಬಿಟ್ಟು, ಮತ್ತೆ ತಾಗಿ ಉರುಳುತ್ತ ಹೋಗಿ ಕೊನೆಗೆ ಕಚ್ಚಿ ನಿಲ್ಲುತ್ತದೆ. ಗೋಡೆಯ ಕೋಶಗಳ ನಡುವಿನ ಸಂದಿ ಈ ಕಣಕ್ಕಿಂತ ಬಹಳ ಕಿರಿದು. ಆದರೆ ಕಣದ ಕೋಶಕೇಂದ್ರ ಒಂದೇ ಉಂಡೆಯಲ್ಲ. ಮೂರರಿಂದ ಐದು ಹಾಲೆಗಳನ್ನು ಸಣ್ಣ ಎಳೆಯಲ್ಲಿ ಪೋಣಿಸಿದಂತಿರುತ್ತದೆ. ಹೀಗಾಗಿ ಅದು ಒಂದೊಂದೇ ಹಾಲೆಯನ್ನು ತೂರಿಸುತ್ತ ಹೊರಬರುತ್ತದೆ. ಅಂಗಾಲು ಕೆಂಪಾಗಿ ಬಾತು ಬಿಸಿಯಾಗುವುದೂ ಇದೇ ಹೊತ್ತಿಗೆ, ಏಕೆಂದರೆ ಸಿರೆಗಳು ಹಿಗ್ಗಿ ನೀರು ಸೋರುತ್ತಿರುತ್ತದೆ.

ಬ್ಯಾಕ್ಟೀರಿಯಾ ಇರುವ ದಿಕ್ಕಿಗೆ ತೆವಳಿ ಹೋದ ನ್ಯೂಟ್ರೋಫಿಲ್ ತನ್ನ ಮೈಯನ್ನೇ ಚಾಚಿ ಅದನ್ನು ಸುತ್ತುವರಿದು ಒಳಗೆಳೆದುಕೊಳ್ಳುತ್ತದೆ. ಒಳಗೆ ಅದಕ್ಕೊಂದು ಚೀಲ. ಆ ಚೀಲದಲ್ಲಿ ಬ್ಲೀಚಿಂಗ್ ಪುಡಿ ನೀರಿಗೆ ಬಿದ್ದಾಗ ಹುಟ್ಟುವ ಆಮ್ಲವೇ ತಯಾರಾಗಿ ಬ್ಯಾಕ್ಟೀರಿಯಾವನ್ನು ಸುಡುತ್ತದೆ. ಆ ಆಮ್ಲ ತಯಾರಿಸುವ ಕಿಣ್ವದ ಬಣ್ಣ ಹಸಿರು. ಕೀವಿನಲ್ಲಿ ಕಾಣುವ ಹಸಿರು ಛಾಯೆ ಬಹುಮಟ್ಟಿಗೆ ಅದರದ್ದೇ.

ರಷ್ಯಾದ ಇಲ್ಯಾ ಮೆಕ್ನಿಕಾಫ್ ಇಂಥ ನುಂಗುವ ಕಣಗಳನ್ನು ಕಂಡದ್ದೂ ಮುಳ್ಳಿನಿಂದಲೇ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಪಾರದರ್ಶಕ ನಕ್ಷತ್ರಮೀನಿನ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ಮುಳ್ಳಿನ ಸುತ್ತ ಕಣಗಳು ಮುತ್ತಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು.

ಹೊರಬಂದ ನ್ಯೂಟ್ರೋಫಿಲ್ ಹೆಚ್ಚು ದಿನ ಬದುಕುವುದಿಲ್ಲ. ಸಾಯುವಾಗ ಒಡೆದು ಚೆಲ್ಲುವ ಕಿಣ್ವಗಳು ಸುತ್ತಲ ಅಂಗಾಂಶವನ್ನೂ ಕರಗಿಸುತ್ತವೆ. ಸತ್ತ ಕಣ, ಕರಗಿದ ಅಂಗಾಂಶ, ಸೋರಿದ ನೀರು, ಉಳಿದ ಬ್ಯಾಕ್ಟೀರಿಯಾ ಎಲ್ಲ ಸೇರಿದರೆ ಕೀವು. ಸುತ್ತಲೂ ಗೋಡೆ ಕಟ್ಟಿಕೊಂಡರೆ ಅದೇ ಕುರು.

ಅತ್ತೆಯವರ ಮಾತಿನಲ್ಲಿ ಅರ್ಧ ಸರಿ: ಕೀವು ಹೊರಗೆ ಬರಬೇಕು. ಕುರುವಿನೊಳಗೆ ರಕ್ತ ಹರಿಯದ ಕಾರಣ ಮಾತ್ರೆಯ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಆದರೆ ಮನೆಯಲ್ಲಿ ಒತ್ತಿದರೆ ಗೋಡೆ ಒಳಗಡೆಯೇ ಒಡೆದು ಸೋಂಕು ಹರಡಬಹುದು. ವೈದ್ಯರು ಜಾಗ ಮರಗಟ್ಟಿಸಿ, ಸೀಳಿ, ಮುಳ್ಳಿನ ತುಂಡು ಹುಡುಕಿ ತೆಗೆಯಲಿ. ಅದು ಉಳಿದರೆ ಕೀವು ಮತ್ತೆ ಮತ್ತೆ ಬರುತ್ತದೆ. ಟಿಟಿ ಚುಚ್ಚುಮದ್ದು ಯಾವಾಗ ಹಾಕಿಸಿದ್ದು ಎಂಬುದನ್ನೂ ತಿಳಿಸಿ.

ಸಕ್ಕರೆ ಕಾಯಿಲೆ ಇದ್ದರೆ ಕಾಯುವುದೇ ಬೇಡ. ಸಕ್ಕರೆ ಏರಿದ ರಕ್ತದಲ್ಲಿ ನ್ಯೂಟ್ರೋಫಿಲ್ ತೆವಳುವುದೂ ನುಂಗುವುದೂ ಕುಂದುತ್ತದೆ. ಜ್ವರ, ಚಳಿ, ಅಥವಾ ಪಾದದಿಂದ ಮೇಲಕ್ಕೆ ಹರಿಯುವ ಕೆಂಪು ಗೆರೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.