ಸಿಜಿಪಿಎಯಿಂದ ಶೇಕಡಾವಾರು: ಯಾರ ಸೂತ್ರ, ಯಾವ ಕಾಗದ?

ಬಿ.ಇ. ಮುಗಿಸಿದ ಹುಡುಗಿಯೊಬ್ಬಳು ನೌಕರಿಗೆ ಆನ್‌ಲೈನ್ ಅರ್ಜಿ ತುಂಬುತ್ತಿದ್ದಾಳೆ ಎಂದುಕೊಳ್ಳಿ. ಪದವಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು, ಅಂದರೆ ವಿಟಿಯುದ್ದು. ಓದಿದ್ದು 2018ರ ಸ್ಕೀಮ್‌ನಲ್ಲಿ. ಅಂಕಪಟ್ಟಿಯಲ್ಲಿ ಸಿಜಿಪಿಎ 6.70 ಎಂದಿದೆ. ಅರ್ಜಿಯ ಖಾನೆ ಮಾತ್ರ ಶೇಕಡಾವಾರು ಕೇಳುತ್ತಿದೆ, ಮತ್ತು ಹುದ್ದೆಗೆ ಕನಿಷ್ಠ ಶೇ. 60 ಬೇಕು. ಗೆಳತಿಯೊಬ್ಬಳು "ಹತ್ತರಿಂದ ಗುಣಿಸು, 67 ಬರುತ್ತೆ" ಎನ್ನುತ್ತಾಳೆ. ಸಿಬಿಎಸ್‌ಇಯಲ್ಲಿ ಓದಿದ ಅಣ್ಣ "9.5ರಿಂದ ಗುಣಿಸಬೇಕು, 63.65" ಎನ್ನುತ್ತಾನೆ. ಹೈದರಾಬಾದಿನ ಜೆಎನ್‌ಟಿಯುನಲ್ಲಿ ಓದಿದ ಸೋದರತ್ತೆಯ ಮಗ "ಅರ್ಧ ಕಳೆದು ಹತ್ತರಿಂದ ಗುಣಿಸು, 62" ಎನ್ನುತ್ತಾನೆ. ಮೂರು ಲೆಕ್ಕದಲ್ಲೂ ಆಕೆ ಪಾಸು. ಆದರೆ ಆಕೆಗೆ ಅನ್ವಯಿಸುವ ವಿಟಿಯು ಸೂತ್ರ ಹೀಗಿದೆ:

ಶೇಕಡಾವಾರು = (ಸಿಜಿಪಿಎ − 0.75) × 10

ಈ ಪ್ರಕಾರ ಅವಳಿಗೆ ಬರುವುದು ಶೇ. 59.5. ಅರ್ಧ ಅಂಶ ಕಡಿಮೆ.

ಅಣ್ಣ, ಗೆಳತಿ, ನೆಂಟ ಯಾರೂ ಸುಳ್ಳು ಹೇಳಲಿಲ್ಲ. ಬೇರೆ ಬೇರೆ ಕಡೆಯ ನಿಯಮವನ್ನು ಇವಳ ಅಂಕಪಟ್ಟಿಗೆ ಅಂಟಿಸಿದರು, ಅಷ್ಟೇ. ಸಿಜಿಪಿಎಯನ್ನು ಶೇಕಡಾವಾರಿಗೆ ತಿರುಗಿಸುವುದು ಕಿಲೋಮೀಟರನ್ನು ಮೀಟರಿಗೆ ತಿರುಗಿಸಿದಂತಲ್ಲ. ಪದವಿ ಕೊಟ್ಟ ವಿಶ್ವವಿದ್ಯಾಲಯ, ನೀವು ಓದಿದ ಸ್ಕೀಮಿಗೆ ಮಾಡಿಕೊಂಡ ನಿಯಮ ಅದು. ನಿಯಮವಾದ್ದರಿಂದ ಅದಕ್ಕೊಂದು ಕಾಗದದ ಆಧಾರ ಇರಬೇಕು, ಆ ಕಾಗದ ಕೇಳಿ ಪಡೆಯುವ ಹಕ್ಕು ವಿದ್ಯಾರ್ಥಿಗೆ ಇದೆ.

ಸೂತ್ರಗಳು ಏಕೆ ಬೇರೆ ಬೇರೆ?

ಗ್ರೇಡ್ ಪದ್ಧತಿಯಲ್ಲಿ ಅಂಕಗಳನ್ನು ಪಟ್ಟಿಗಳಾಗಿ ಕತ್ತರಿಸುತ್ತಾರೆ. 70ರಿಂದ 79ರವರೆಗೆ ಬಂದವರಿಗೆಲ್ಲ 8 ಗ್ರೇಡ್ ಪಾಯಿಂಟ್ ಎಂದು ಇಟ್ಟುಕೊಳ್ಳಿ. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸಿಜಿಪಿಎ. ಹೀಗಾಗಿ ಎಲ್ಲ ವಿಷಯದಲ್ಲೂ 70 ತೆಗೆದವನಿಗೂ, ಎಲ್ಲದರಲ್ಲೂ 79 ತೆಗೆದವಳಿಗೂ ಸಿಜಿಪಿಎ 8.00. ಇಬ್ಬರ ನಡುವಿನ ಒಂಬತ್ತು ಅಂಕದ ಅಂತರ ಅಲ್ಲಿಗೆ ಅಳಿಸಿಹೋಯಿತು. 8ರಿಂದ ಹಿಂದಕ್ಕೆ ನಡೆದು ನಿಜವಾದ ಅಂಕ ಮುಟ್ಟಲು ಯಾವ ಗಣಿತಕ್ಕೂ ಸಾಧ್ಯವಿಲ್ಲ.

ಆದ್ದರಿಂದ 8 ಎಂದರೆ ಆ ಪಟ್ಟಿಯ ಯಾವ ಜಾಗ ಎಂದು ವಿಶ್ವವಿದ್ಯಾಲಯವೇ ತೀರ್ಮಾನಿಸಬೇಕು. ಹತ್ತರಿಂದ ಗುಣಿಸಿದರೆ 80, ಅಂದರೆ ಪಟ್ಟಿಯ ತುದಿಗೂ ಆಚೆ. ಅರ್ಧ ಕಳೆದು ಗುಣಿಸಿದರೆ 75, ಸರಿಸುಮಾರು ನಡು. ಮುಕ್ಕಾಲು ಕಳೆದರೆ 72.5, ಅಂದರೆ ಕೆಳಗಿನಿಂದ ಕಾಲುಭಾಗ ಮೇಲೆ. ವಿಟಿಯುನ ಆ ಸ್ಕೀಮ್‌ಗಳಲ್ಲಿ ಪ್ರಥಮ ದರ್ಜೆಗೆ 6.75, ಡಿಸ್ಟಿಂಕ್ಷನ್‌ಗೆ 7.75 ಸಿಜಿಪಿಎ ಬೇಕಿತ್ತು. ಮುಕ್ಕಾಲು ಕಳೆದು ನೋಡಿ: ಹಳೆಯ ಪದ್ಧತಿಯ 60 ಮತ್ತು 70ಕ್ಕೇ ಬಂದು ನಿಲ್ಲುತ್ತವೆ. ಎಐಸಿಟಿಇ ತನ್ನ ಅನುಮೋದನಾ ಕೈಪಿಡಿಯಲ್ಲಿ ಕೊಟ್ಟ ಸಮಾನತೆಯ ಕೋಷ್ಟಕವೂ ಇದೇ ಗೆರೆಯ ಮೇಲಿದೆ: 6.25ಕ್ಕೆ 55, 6.75ಕ್ಕೆ 60, 7.25ಕ್ಕೆ 65.

9.5ರ ಮೂಲ ಬೇರೆ. ಸಿಬಿಎಸ್‌ಇ ಹತ್ತನೇ ತರಗತಿಗೆ 2017ರವರೆಗೆ ಗ್ರೇಡ್ ಕೊಡುತ್ತಿದ್ದಾಗ 91ರಿಂದ 100 ಬಂದವರಿಗೆ 10 ಪಾಯಿಂಟ್. ಆ ಪಟ್ಟಿಯವರ ಸರಾಸರಿ 95ರ ಆಸುಪಾಸು ಇದ್ದುದರಿಂದ 95ನ್ನು ಹತ್ತರಿಂದ ಭಾಗಿಸಿ 9.5 ಎಂದು ಇಟ್ಟುಕೊಂಡರು. ಅದು ಆ ಶಾಲಾ ಪರೀಕ್ಷೆಗೆ ಹುಟ್ಟಿದ ಅಂಕಿ. ನಿಮ್ಮ ವಿಶ್ವವಿದ್ಯಾಲಯ ಅದನ್ನು ತನ್ನದೆಂದು ಒಪ್ಪಿಕೊಂಡಿದ್ದರೆ ಮಾತ್ರ ನಿಮ್ಮ ಪದವಿಗೆ ಅದು ಅನ್ವಯ.

ಒಂದೇ ವಿಶ್ವವಿದ್ಯಾಲಯದೊಳಗೂ ಸ್ಕೀಮ್ ಬದಲಾದಾಗ ಗ್ರೇಡ್ ಪಟ್ಟಿಯ ಜೊತೆಗೆ ಸೂತ್ರವೂ ಬದಲಾಗಬಹುದು. ಜೂನಿಯರ್‌ಗಳ ಸೂತ್ರ ನಿಮಗೆ ಲಾಭದಾಯಕವಾಗಿ ಕಂಡರೂ ಅದು ನಿಮ್ಮದಲ್ಲ.

ಮೊದಲು ಅಧಿಸೂಚನೆ, ಆಮೇಲೆ ಸೂತ್ರ

ಲೆಕ್ಕಕ್ಕೆ ಕೈಹಾಕುವ ಮೊದಲು ನೇಮಕಾತಿ ಅಧಿಸೂಚನೆಯ ಅರ್ಹತೆಯ ಭಾಗವನ್ನು ಸಾವಧಾನವಾಗಿ ಓದಿ. ಬ್ಯಾಂಕ್ ನೇಮಕಾತಿ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳನ್ನೇ ನೋಡಿ. ಅಂಕಗಳಿದ್ದರೆ ಎಲ್ಲ ಸೆಮಿಸ್ಟರುಗಳ, ಎಲ್ಲ ವಿಷಯಗಳ ಒಟ್ಟು ಅಂಕವನ್ನು ಒಟ್ಟು ಗರಿಷ್ಠ ಅಂಕದಿಂದ ಭಾಗಿಸಿ ಶೇಕಡಾವಾರು ತೆಗೆಯಬೇಕು. ಸಿಜಿಪಿಎ ಕೊಟ್ಟಿದ್ದರೆ ಅದನ್ನು ಪರಿವರ್ತಿಸಿ ನಮೂದಿಸಬೇಕು. ಸಂದರ್ಶನಕ್ಕೆ ಕರೆ ಬಂದಾಗ, ಪರಿವರ್ತನೆಯ ಬಗ್ಗೆ ವಿಶ್ವವಿದ್ಯಾಲಯದ ನಿಯಮವೇನು, ಅದರ ಪ್ರಕಾರ ಈ ಅಭ್ಯರ್ಥಿಗೆ ಎಷ್ಟು ಶೇಕಡಾ ಎಂದು ಸೂಕ್ತ ಅಧಿಕಾರಿ ಬರೆದುಕೊಟ್ಟ ಪ್ರಮಾಣಪತ್ರ ತೋರಿಸಬೇಕು. 59.99 ಬಂದರೂ ಅದು 60ಕ್ಕಿಂತ ಕಡಿಮೆ ಎಂದೇ ಪರಿಗಣಿಸುವುದಾಗಿ ಅದೇ ಅಧಿಸೂಚನೆಗಳು ಹೇಳುತ್ತವೆ.

ಬೇರೆ ಕೆಲವು ಸಂಸ್ಥೆಗಳು, ವಿಶ್ವವಿದ್ಯಾಲಯಕ್ಕೆ ಸ್ವಂತ ಸೂತ್ರ ಇಲ್ಲದಿದ್ದಾಗ ಏನು ಮಾಡಬೇಕೆಂದು ತಾವೇ ಹೇಳಿರುತ್ತವೆ. ಸಾಮಾನ್ಯವಾಗಿ ಹತ್ತರಿಂದ ಗುಣಿಸಿ ಎಂದಿರುತ್ತದೆ. ಆ ಸಾಲು ಸೂತ್ರ ಇಲ್ಲದವರಿಗೆ ಮಾತ್ರ. ಸೂತ್ರವಿದ್ದೂ ಆ ಸಾಲಿನ ಆಸರೆ ಹಿಡಿದರೆ ದಾಖಲೆ ಪರಿಶೀಲನೆಯ ದಿನ ಸಿಕ್ಕಿಬೀಳುತ್ತೀರಿ. ವಿದೇಶಿ ವಿಶ್ವವಿದ್ಯಾಲಯಗಳ ಅರ್ಜಿಗಳಲ್ಲಿ ಇದರ ತಿರುಗುಮುರುಗು: ಅನೇಕ ಕಡೆ ಪರಿವರ್ತಿಸಲೇಬೇಡಿ, ಅಂಕಪಟ್ಟಿಯಲ್ಲಿ ಇರುವ ಅಳತೆಯಲ್ಲೇ ಬರೆಯಿರಿ ಎನ್ನುತ್ತಾರೆ.

ಅರ್ಧ ಅಂಶ ಮೇಲೆತ್ತಬಹುದೇ?

59.5ನ್ನು 60 ಎಂದು ಪೂರ್ಣಗೊಳಿಸಿಕೊಳ್ಳಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟ್ 2011ರಲ್ಲಿ ಉತ್ತರಿಸಿದೆ. ಒರಿಸ್ಸಾ ಲೋಕಸೇವಾ ಆಯೋಗ ಮತ್ತು ರೂಪಶ್ರೀ ಚೌಧರಿ ನಡುವಿನ ಆ ಪ್ರಕರಣದಲ್ಲಿ ನ್ಯಾಯಾಂಗ ಸೇವೆಯ ಪರೀಕ್ಷೆಗೆ ಒಟ್ಟು ಶೇ. 45 ಬೇಕಿತ್ತು, ಅಭ್ಯರ್ಥಿಗೆ ಬಂದಿದ್ದು 44.93. ನಿಯಮದಲ್ಲಿ ಪೂರ್ಣಗೊಳಿಸಲು ಅವಕಾಶ ಕೊಟ್ಟಿಲ್ಲವಾದರೆ ಯಾರೂ ಪೂರ್ಣಗೊಳಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು. ಹಾಗಾಗಿ ನಮ್ಮ ಹುಡುಗಿ ಖಾನೆಯಲ್ಲಿ 59.50 ಎಂದೇ ಬರೆಯಬೇಕು. 60 ಎಂದು ಬರೆದರೆ ಅದು ತಪ್ಪು ಮಾಹಿತಿ; ಆಯ್ಕೆಯಾದ ಮೇಲೂ ಅಭ್ಯರ್ಥಿತನ ರದ್ದಾಗಬಹುದು. 55 ಅಥವಾ 50 ಕೇಳುವ ಹುದ್ದೆಗಳಿಗೆ ಅದೇ ಅಂಕಪಟ್ಟಿ ಧಾರಾಳವಾಗಿ ಸಾಕು.

ಪ್ರಮಾಣಪತ್ರ ಪಡೆಯುವ ಬಗೆ

ಮೊದಲು ಅಂಕಪಟ್ಟಿಯ ಹಿಂಬದಿ ನೋಡಿ. ಎಷ್ಟೋ ಕಡೆ ಸೂತ್ರ ಅಲ್ಲೇ ಅಚ್ಚಾಗಿರುತ್ತದೆ. ಇಲ್ಲದಿದ್ದರೆ ನೀವು ದಾಖಲಾದ ವರ್ಷದ ಸ್ಕೀಮಿನ ನಿಯಮಾವಳಿ ತೆಗೆದು, ದರ್ಜೆ ನಿರ್ಧಾರದ ಕಲಮು ಹುಡುಕಿ.

ಬಳಿಕ ಕುಲಸಚಿವರಿಗೆ (ಮೌಲ್ಯಮಾಪನ) ಲಿಖಿತ ಅರ್ಜಿ ಕೊಡಿ. ಹೆಸರು, ನೋಂದಣಿ ಸಂಖ್ಯೆ, ಪದವಿ, ಸ್ಕೀಮಿನ ವರ್ಷ, ಪಡೆದ ಸಿಜಿಪಿಎ ಬರೆದು, ಎಲ್ಲ ಸೆಮಿಸ್ಟರಿನ ಅಂಕಪಟ್ಟಿಗಳ ಪ್ರತಿ ಲಗತ್ತಿಸಿ. ಸಿಗಬೇಕಾದ ಪ್ರಮಾಣಪತ್ರದಲ್ಲಿ ಎರಡು ಸಂಗತಿ ಇರಲೇಬೇಕು: ವಿಶ್ವವಿದ್ಯಾಲಯದ ಸೂತ್ರ, ಮತ್ತು ಅದರ ಪ್ರಕಾರ ನಿಮ್ಮ ಶೇಕಡಾವಾರು. ಸೂತ್ರವಿಲ್ಲದೆ ಬರೀ ಅಂಕಿ ಇರುವ ಪತ್ರ ಪರಿಶೀಲನೆಯ ಮೇಜಿನ ಮೇಲೆ ನಿಲ್ಲುವುದು ಕಷ್ಟ. ಕಾಲೇಜಿನ ಪ್ರಾಂಶುಪಾಲರ ಸಹಿ ಸಾಕೇ, ವಿಶ್ವವಿದ್ಯಾಲಯದ್ದೇ ಆಗಬೇಕೇ ಎಂಬುದನ್ನು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ವಿಶ್ವವಿದ್ಯಾಲಯಕ್ಕೆ ಸೂತ್ರವೇ ಇಲ್ಲವೆಂದರೆ, "ಸೂತ್ರ ನಿಗದಿಪಡಿಸಿಲ್ಲ" ಎಂದಾದರೂ ಬರವಣಿಗೆಯಲ್ಲಿ ಪಡೆಯಿರಿ. ಆ ಒಂದು ಸಾಲೂ ನಿಮ್ಮ ಪರವಾದ ದಾಖಲೆಯೇ.

ಇದನ್ನೆಲ್ಲ ಅರ್ಜಿಯ ಕೊನೆಯ ದಿನದೊಳಗೆ ಮುಗಿಸಿಕೊಳ್ಳುವುದು ಕ್ಷೇಮ. ಅರ್ಹತೆಯನ್ನು ಅರ್ಜಿಯ ಕೊನೆಯ ದಿನಾಂಕಕ್ಕೆ ಇದ್ದಂತೆ ಅಳೆಯಬೇಕು ಎಂದು ಸುಪ್ರೀಂ ಕೋರ್ಟ್ 1997ರ ಅಶೋಕ್ ಕುಮಾರ್ ಶರ್ಮಾ ಪ್ರಕರಣದಲ್ಲಿ ಹೇಳಿದೆ. ಅರ್ಹತೆ ಹೊಂದಿರುವುದು ಬೇರೆ, ಅದಕ್ಕೆ ಪುರಾವೆ ಒದಗಿಸುವುದು ಬೇರೆ. ಪುರಾವೆ ತಡವಾದರೆ ಸಂದರ್ಭ ನೋಡಿ ಸಡಿಲಿಸಬಹುದು ಎಂದು 2005ರ ಡಾಲಿ ಛಂದಾ ಪ್ರಕರಣದಲ್ಲಿ ಅದೇ ನ್ಯಾಯಾಲಯ ಹೇಳಿತು. ಕೊನೆಯ ದಿನಕ್ಕೆ ಫಲಿತಾಂಶ ಬಂದು ಸಿಜಿಪಿಎ ಕೈಯಲ್ಲಿದ್ದು, ಪರಿವರ್ತನೆಯ ಪತ್ರ ಮಾತ್ರ ತಡವಾದವರಿಗೆ ಈ ವ್ಯತ್ಯಾಸ ಆಧಾರವಾಗಬಲ್ಲದು. ಆದರೆ ಅದು ನ್ಯಾಯಾಲಯದ ಮೆಟ್ಟಿಲು ಹತ್ತಿ ಕೇಳಬೇಕಾದ ವಿನಾಯಿತಿ.

ಉತ್ತರ ಬಾರದಿದ್ದರೆ

ಸಾರ್ವಜನಿಕ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕು ಕಾಯ್ದೆ, 2005ರ 6ನೇ ಕಲಮಿನಡಿ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಈ ಕಾಯ್ದೆಯಡಿ ಕಚೇರಿಯಲ್ಲಿ ಇರುವ ದಾಖಲೆ ಸಿಗುತ್ತದೆ. ಹೊಸ ಲೆಕ್ಕ ಮಾಡಿಕೊಡಿ, ಕಾರಣ ವಿವರಿಸಿ ಎಂದು ಕೇಳಿದರೆ ತಿರಸ್ಕರಿಸುತ್ತಾರೆ. ಆದ್ದರಿಂದ ಪ್ರಶ್ನೆ ಹೀಗಿರಲಿ: "2018ರ ಸ್ಕೀಮಿನಲ್ಲಿ ಬಿ.ಇ. ಪದವಿ ಪಡೆದವರ ಸಿಜಿಪಿಎಯನ್ನು ಶೇಕಡಾವಾರಿಗೆ ಪರಿವರ್ತಿಸುವ ಕುರಿತ ನಿಯಮಾವಳಿ ಹಾಗೂ ಸುತ್ತೋಲೆಗಳ ದೃಢೀಕೃತ ಪ್ರತಿ ಒದಗಿಸಿ." 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮುಂದಿನ 30 ದಿನದೊಳಗೆ ಅಲ್ಲಿಯದೇ ಪ್ರಥಮ ಮೇಲ್ಮನವಿ ಪ್ರಾಧಿಕಾರಿಗೆ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಬಹುದು.

ಇನ್ನೊಂದು ದಾರಿ ಯುಜಿಸಿಯ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ನಿಯಮಗಳು, 2023. ಸಂಸ್ಥೆಯ ಕುಂದುಕೊರತೆ ಸಮಿತಿಗೆ ದೂರು ಕೊಟ್ಟರೆ ಅದು ಆದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಎರಡಕ್ಕೂ ಲಿಖಿತ ಅರ್ಜಿಯ ಸ್ವೀಕೃತಿ ಬೇಕು. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿ ಬಂದದ್ದು ಲೆಕ್ಕಕ್ಕೆ ಬರುವುದಿಲ್ಲ.

ಸರಿಯಾದ ಪ್ರಮಾಣಪತ್ರ ಕೊಟ್ಟರೂ ನೇಮಕಾತಿ ಸಂಸ್ಥೆ ತನ್ನದೇ ಅಧಿಸೂಚನೆಗೆ ವಿರುದ್ಧವಾಗಿ ಬೇರೆ ಸೂತ್ರ ಹಾಕಿ ತಿರಸ್ಕರಿಸಿದರೆ, ತಿರಸ್ಕಾರದ ಕಾರಣವನ್ನು ಬರಹದಲ್ಲಿ ಕೇಳಿ, ಕೂಡಲೇ ಆಕ್ಷೇಪಣೆ ಸಲ್ಲಿಸಿ. ಅದು ಸರ್ಕಾರಿ ಸೇವೆಯ ಹುದ್ದೆಯಾದರೆ ಮೊದಲು ಆಡಳಿತ ನ್ಯಾಯಮಂಡಳಿಗೆ ಹೋಗಬೇಕು; ಸರ್ಕಾರಿ ಬ್ಯಾಂಕಿನಂಥ ಸಂಸ್ಥೆಯಾದರೆ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಹಾಕಬಹುದು. ಆಯ್ಕೆಪಟ್ಟಿ ಅಂತಿಮವಾಗುವ ಮೊದಲೇ ಹೋಗುವುದು ಮುಖ್ಯ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಅದಕ್ಕೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಿಚಾರಿಸಿ.

6.70 ಇದ್ದ ನಮ್ಮ ಹುಡುಗಿಗೆ ಈ ಯಾವ ದಾರಿಯೂ 60 ತಂದುಕೊಡುವುದಿಲ್ಲ. ಆದರೆ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದ, 6.75 ತೆಗೆದವಳಿಗೆ ಸರಿಯಾಗಿ 60 ಇದೆ. ಸೂತ್ರ ಮತ್ತು ಅಂಕಿ ಎರಡೂ ಇರುವ ಒಂದು ಹಾಳೆ ಕೈಯಲ್ಲಿದ್ದರೆ ಆ 60ನ್ನು ಅವಳಿಂದ ಯಾರೂ ಕಿತ್ತುಕೊಳ್ಳಲಾರರು.